ಹೊಸ ಬಣ್ಣದ ಕೆಳಗಿಂದ ಮತ್ತೆ ಎದ್ದ ಕಲೆ

ಮೈಸೂರಿನ ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಫ್ಯಾನಿನಿಂದ ಸ್ವಲ್ಪ ಆಚೆಗೆ, ಸೀಲಿಂಗಿನ ಮೇಲೊಂದು ಕಲೆಯಿತ್ತು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ನಡುವೆ ತಿಳಿ ಚಹಾದ ಬಣ್ಣ, ಅಂಚಿನಲ್ಲಿ ಗಟ್ಟಿ ಡಿಕಾಕ್ಷನ್ನಿನಂಥ ಕಂದು ಗೆರೆ. ತಾರಸಿಯ ಮೇಲೆ ನೀರು ನಿಂತು ಒಳಕ್ಕೆ ಇಳಿದದ್ದರ ಗುರುತು ಅದು. ದಸರೆಗೆ ನೆಂಟರು ಬರುವವರಿದ್ದರು. ಪೇಂಟರ್ ಒಬ್ಬರನ್ನು ಕರೆಸಿ ಎರಡು ಕೋಟು ಬಿಳಿ ಎಮಲ್ಷನ್ ಹೊಡೆಸಿದೆವು. ಸಂಜೆ ನೋಡಿದಾಗ ಸೀಲಿಂಗು ಹಾಲು ಚೆಲ್ಲಿದ ಹಾಗಿತ್ತು. ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಅದೇ ಜಾಗದಲ್ಲಿ ಅದೇ ಆಕಾರದ ಹಳದಿ ನೆರಳು. ಮೂರನೇ ಕೋಟು ಹೊಡೆಸಿದೆವು, ನಾಲ್ಕನೆಯದೂ ಆಯಿತು. ನೆರಳು ತೆಳುವಾಯಿತೇ ಹೊರತು ಹೋಗಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಂಚಿನ ಗೆರೆ ಮತ್ತೆ ಎದ್ದು ಕೂತಿತ್ತು.

ಆಮೇಲೆ ಬಂದವರು ವಯಸ್ಸಾದ ಪೇಂಟರ್ ಒಬ್ಬರು. ಮೊದಲು ಮರದ ಸಾಮಾನಿಗೆ ಪಾಲಿಷ್ ಮಾಡುತ್ತಿದ್ದವರು. ಏಣಿ ಹತ್ತಿ, ಬಿಳಿ ಬಟ್ಟೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ, ಬಣ್ಣ ಸ್ವಲ್ಪ ಎದ್ದಿದ್ದ ಕಡೆ ಕಲೆಯ ಅಂಚನ್ನು ಎರಡು ಸಲ ಒರೆಸಿದರು. ಕೆಳಗಿಳಿದು ಬಟ್ಟೆ ಬಿಚ್ಚಿ ತೋರಿಸಿದರು. ಅದರ ಮೇಲೆ ಚಹಾ ಸೋಸಿದ ಬಟ್ಟೆಯ ಹಾಗೆ ಕಂದು ಮೆತ್ತಿಕೊಂಡಿತ್ತು. "ನೀರಿನ ಕಲೆ ಮೇಲೆ ಮತ್ತೆ ನೀರನ್ನೇ ಬಳಿಸಿದ್ದೀರಲ್ಲಮ್ಮ" ಎಂದರು.

ಎಲ್ಲವೂ ಆ ಒಂದು ಮಾತಿನಲ್ಲಿದೆ. ತಾರಸಿಯಿಂದ ಇಳಿಯುವ ನೀರು ಬರಿ ನೀರಾಗಿರುವುದಿಲ್ಲ. ಮೇಲಿನ ದೂಳು, ಕೊಳೆತ ಎಲೆಯ ರಸ, ಗಾರೆಯ ಉಪ್ಪು, ಎಲ್ಲಾದರೂ ಕಂಬಿ ಸಿಕ್ಕಿದರೆ ಅದರ ತುಕ್ಕು, ಎಲ್ಲವನ್ನೂ ಕರಗಿಸಿಕೊಂಡು ಬರುತ್ತದೆ. ಸೀಲಿಂಗಿನ ಒಳಮೈಗೆ ಬಂದು ಆರುವಾಗ ನೀರು ಗಾಳಿಗೆ ಹೋಗುತ್ತದೆ, ಹೊತ್ತು ತಂದದ್ದು ಅಲ್ಲೇ ಉಳಿಯುತ್ತದೆ. ಒದ್ದೆಯ ಅಂಚು ಬೇಗ ಆರುವುದರಿಂದ ನಡುವಿನ ನೀರೂ ಅಂಚಿನತ್ತಲೇ ಹರಿಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಸುತ್ತ ಕಪ್ಪು ಗೆರೆ ಉಳಿಯುವುದೂ ಹೀಗೆಯೇ. ಆ ಕಂದು ಪದಾರ್ಥ ಒಣಗಿದೆ ಅಷ್ಟೆ, ನೀರು ತಾಗಿದರೆ ಇನ್ನೂ ಕರಗುತ್ತದೆ. ಎಮಲ್ಷನ್ ಎಂದರೆ ನೀರಿನಲ್ಲಿ ಕಲೆಸಿದ ಬಣ್ಣ. ಬ್ರಷ್ಷಿನಲ್ಲಿ ಹಚ್ಚಿದ ಕ್ಷಣದಿಂದ ಅದರ ನೀರು ಕಲೆಯನ್ನು ನೆನೆಸುತ್ತದೆ. ಬಣ್ಣ ಆರುವಾಗ ಆ ನೀರು ಮೇಲಕ್ಕೆ ಬರುತ್ತದೆ, ಕಂದನ್ನೂ ಜೊತೆಗೆ ತರುತ್ತದೆ. ಸಂಜೆ ಬಿಳಿಯಾಗಿದ್ದದ್ದು ಬೆಳಿಗ್ಗೆ ಹಳದಿಯಾಗುವುದು ಇದರಿಂದ. ಡಿಸ್ಟೆಂಪರಿನ ಕಥೆಯೂ ಇದೇ, ಸುಣ್ಣದ್ದೂ ಇದೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ನೀರು ಬೆರೆಸುವ ಬಿಳಿ ಪ್ರೈಮರಿನದ್ದೂ ಬೇರೆಯಲ್ಲ. ಇವುಗಳಲ್ಲಿ ಯಾವುದನ್ನು ಎಷ್ಟು ಕೋಟು ಹೊಡೆದರೂ ಪ್ರತಿ ಕೋಟೂ ಕಲೆಯನ್ನು ಮತ್ತೊಮ್ಮೆ ನೆನೆಸುತ್ತದೆ.

ಹಾಗಾಗಿ ಕಲೆಗೂ ಬಣ್ಣಕ್ಕೂ ನಡುವೆ ನೀರಿಲ್ಲದ ಒಂದು ಪದರ ಬೇಕು. ಆದರೆ ಆ ಪದರ ಹಾಕುವುದಕ್ಕೆ ಮುಂಚೆ ಎರಡು ವಿಷಯ ಗೊತ್ತಾಗಬೇಕು. ಸೀಲಿಂಗು ನಿಜವಾಗಿ ಒಣಗಿದೆಯೇ ಎಂಬುದು ಒಂದು. ಅಲ್ಲಿರುವುದು ಬರಿ ಕಂದು ಕಲೆಯೋ, ಬೇರೇನಾದರೂ ಇದೆಯೋ ಎಂಬುದು ಇನ್ನೊಂದು.

ಒಣಗುವ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಾವು ಸೋತದ್ದು ಅಲ್ಲಿಯೂ ಹೌದು. ದಸರೆ, ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವ ರೂಢಿ ಬೆಳೆದಿದೆ. ಸೋರುವ ಮೋಲ್ಡಿಗೆ ಅಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಮುಂಗಾರು ಮುಗಿದಿರುವುದಿಲ್ಲ, ಹಿಂಗಾರು ಶುರುವಾಗಿರುತ್ತದೆ. ಐದು ಇಂಚು ದಪ್ಪದ ಕಾಂಕ್ರೀಟು ಮಳೆಗಾಲವಿಡೀ ಕುಡಿದ ನೀರು ಎರಡು ದಿನದ ಬಿಸಿಲಿಗೆ ಆರುವುದಿಲ್ಲ, ವಾರಗಟ್ಟಲೆ ಬೇಕು. ಕೈ ಇಟ್ಟರೆ ಒಣಗಿದ ಹಾಗೇ ಅನ್ನಿಸುತ್ತದೆ, ಒಳಗೆ ಹಸಿಯಿರುತ್ತದೆ. ಯುಗಾದಿಗೆ ಮುಂಚೆ ಸುಣ್ಣ ಬಳಿಯುತ್ತಿದ್ದ ಹಿಂದಿನವರ ಕ್ರಮ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮಳೆ ನಿಂತು ಮೂರು ತಿಂಗಳಾಗಿರುತ್ತದೆ.

ಆ ಹಿರಿಯರು ಕಲೆಯ ಅಂಚನ್ನು ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ನಾನು ಬಾಲ್‌ಪೆನ್ನು ಕೊಡಲು ಹೋದೆ, ಬೇಡವೆಂದರು. ಪೆನ್ನಿನ ಶಾಯಿಯೂ ಸ್ಕೆಚ್ ಪೆನ್ನಿನ ಶಾಯಿಯೂ ಈ ಕಲೆಯ ಹಾಗೆಯೇ ಬಣ್ಣದ ಮೇಲಕ್ಕೆ ಎದ್ದು ಬರುತ್ತವಂತೆ. ಸೀಸದ ಕಡ್ಡಿಯ ಗೆರೆ ಬರುವುದಿಲ್ಲ. ಒಂದು ಮಳೆ ಬಿದ್ದ ಮೇಲೆ ಕಲೆ ಗೆರೆಯನ್ನು ದಾಟಿದ್ದರೆ ಸೋರಿಕೆ ಇನ್ನೂ ನಡೆದಿದೆ ಎಂದು ಅರ್ಥ, ಒಳಗಡೆ ಬ್ರಷ್ ಹಿಡಿಯುವ ಮಾತೇ ಇಲ್ಲ. ನಮ್ಮದು ನವೆಂಬರಿನ ಮಳೆಗೆ ಎರಡು ಬೆರಳು ದಾಟಿತ್ತು.

ತಾರಸಿಯ ಮೇಲೆ ಹುಡುಕಿದಾಗ ಕಂಡದ್ದು ಕಲೆಯ ನೇರ ಮೇಲೆ ಅಲ್ಲ. ಅಲ್ಲಿಂದ ನಾಲ್ಕು ಅಡಿ ದೂರದಲ್ಲಿ ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಗಿಂತ ಸ್ವಲ್ಪ ದೊಡ್ಡ ಬಿರುಕಿತ್ತು, ಪಕ್ಕದ ಮಳೆನೀರಿನ ಪೈಪಿನ ಬಾಯಿ ಎಲೆ ಕಟ್ಟಿಕೊಂಡಿತ್ತು. ನೀರು ಮೋಲ್ಡಿನೊಳಗೆ ಎಲ್ಲಿ ಸಡಿಲ ಸಿಕ್ಕಿತೋ ಅಲ್ಲಿ ಹರಿದು, ಎಲ್ಲಿ ದಾರಿ ಮುಗಿಯಿತೋ ಅಲ್ಲಿ ಇಳಿಯುತ್ತದೆ. ಮೇಲೆ ಹುಡುಕುವವರು ಈ ಮೂಲೆಗಳನ್ನು, ಪೈಪಿನ ಬಾಯಿಯನ್ನು, ನೀರಿನ ಟ್ಯಾಂಕಿನ ಕಟ್ಟೆಯ ಬುಡವನ್ನು ಮೊದಲು ನೋಡಬೇಕು. ಆ ರಿಪೇರಿಯೇ ಬೇರೆ ಲೇಖನವಾಗುವಷ್ಟಿದೆ, ಇಲ್ಲಿ ಬಿಡುತ್ತೇನೆ. ಒಂದು ಮಾತು ಮಾತ್ರ: ಫ್ಯಾನಿನ ಕೊಂಡಿಯ ಬಳಿ ಒದ್ದೆ ಕಂಡರೆ ಆ ಕೋಣೆಯ ಕರೆಂಟನ್ನು ಮೇನ್ ಬೋರ್ಡಿನಲ್ಲೇ ಆಫ್ ಮಾಡಿ. ವೈರಿನ ಪೈಪು ಮೋಲ್ಡಿನೊಳಗೇ ಹೋಗಿರುತ್ತದೆ, ನೀರಿಗೆ ಅದು ಸಲೀಸಾದ ದಾರಿ.

ರಿಪೇರಿ ಮುಗಿದು ಎರಡು ತಿಂಗಳು ಬಿಟ್ಟು ಒಣಗಿದೆಯೇ ಎಂದು ನೋಡಿದೆವು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲೆ ಹರಡಿ ನಾಲ್ಕು ಕಡೆಯೂ ಗಾಳಿಯಾಡದ ಹಾಗೆ ಟೇಪು ಅಂಟಿಸುವುದು. ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆಯುವುದು. ಹಾಳೆಯ ಒಳಮೈಯಲ್ಲಿ, ಎಂದರೆ ಸೀಲಿಂಗಿನ ಕಡೆಗೆ, ಹನಿಗೂಡಿದ್ದರೆ ಅಥವಾ ಸೀಲಿಂಗು ಆ ಚೌಕದಷ್ಟೇ ಕಪ್ಪಾಗಿದ್ದರೆ ಒಳಗೆ ಇನ್ನೂ ಹಸಿಯಿದೆ. ನಮ್ಮದು ಜನವರಿಯಲ್ಲಿ ಮಂಜು ಕವಿದ ಹಾಗಿತ್ತು. ಫೆಬ್ರುವರಿ ಕೊನೆಯಲ್ಲಿ ಹಾಳೆ ಒಣಗಿಯೇ ಬಂತು. ಈ ಕಾಯುವಿಕೆಯನ್ನು ಯಾರೂ ಬಿಡಬಾರದು. ಹಸಿಯ ಮೇಲೆ ಎಣ್ಣೆಯ ಪದರ ಹಾಕಿದರೆ ನೀರಿಗೆ ಹೊರಬರಲು ದಾರಿಯಿಲ್ಲದೆ ಬಣ್ಣ ಬೊಬ್ಬೆ ಎದ್ದು ಹಪ್ಪಳದ ಹಾಗೆ ಕಳಚುತ್ತದೆ.

ಇನ್ನು ಅಲ್ಲಿರುವುದೇನು ಎಂಬುದು. ಕಂದು ಕಲೆಯ ಜೊತೆಗೆ ಬಿಳಿ ನವಿರಾದ ಹತ್ತಿಯಂಥದ್ದು ಅಥವಾ ಗಟ್ಟಿ ಬಿಳಿ ಚಕ್ಕೆ ಕಂಡರೆ ಅದು ಉಪ್ಪು. ಕಾಂಕ್ರೀಟಿನೊಳಗಿನ ಸುಣ್ಣ ನೀರಿನಲ್ಲಿ ಕರಗಿ ಕೆಳಗೆ ಬಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿ ಗಟ್ಟಿಯಾದದ್ದು ಅದರಲ್ಲಿ ಬಹುಪಾಲು. ಒಂದು ಚಕ್ಕೆ ಕಿತ್ತು ನಿಂಬೆರಸದ ಹನಿ ಬಿಟ್ಟರೆ ನೊರೆ ಬರುತ್ತದೆ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ನೀರು ಹಾಕಿದರೆ ಕರಗುವ ಉಪ್ಪು ಕರಗಿ ಮತ್ತೆ ಒಳಕ್ಕೆ ಹೋಗಿ, ಆರಿದಾಗ ಮತ್ತೆ ಹೊರಗೆ ಬರುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆದು ವಾರ ಬಿಟ್ಟು ನೋಡಬೇಕು. ಮತ್ತೆ ಹುಟ್ಟುತ್ತಿದ್ದರೆ ನೀರಿನ ಓಡಾಟ ನಿಂತಿಲ್ಲ. ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಎಂಥ ಪದರವನ್ನೂ ತಳ್ಳಿ ಬೀಳಿಸುತ್ತದೆ, ಕಲೆ ತಡೆಯುವ ಪ್ರೈಮರಿಗೂ ಅದನ್ನು ಹಿಡಿದಿಡುವ ಶಕ್ತಿಯಿಲ್ಲ. ಕಪ್ಪು ಚುಕ್ಕೆಗಳು ಚೆಲ್ಲಿದಂತಿದ್ದರೆ ಅದು ಬೂಷ್ಟು. ಅದಕ್ಕೆ ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರವ ಒಂದು ಪಾಲು, ನೀರು ಮೂರು ಪಾಲು ಸೇರಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮತ್ತೆ ಪೂರ್ತಿ ಒಣಗಲು ಬಿಡಬೇಕು. ಕಣ್ಣಿಗೆ ಬೀಳದಂತೆ ಕನ್ನಡಕ ಹಾಕಿಕೊಳ್ಳಿ. ಬೇರೆ ಯಾವ ಕ್ಲೀನರನ್ನೂ ಅದಕ್ಕೆ ಬೆರೆಸಬೇಡಿ.

ಮೂರನೆಯದು ಗಂಭೀರವಾದದ್ದು. ಕಲೆ ಇಟ್ಟಿಗೆ ಕೆಂಪಾಗಿದ್ದು ನೇರ ಗೆರೆಯಲ್ಲಿ ಸಾಗಿದ್ದರೆ, ಆ ಗೆರೆಯುದ್ದಕ್ಕೂ ಬಿರುಕು ಇದ್ದರೆ, ಒಳಗೆ ಕಂಬಿ ತುಕ್ಕು ಹಿಡಿದಿದೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸುತ್ತಿಗೆಯ ಮರದ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಸಡಿಲವಾದದ್ದು ಮಡಕೆಯ ಹಾಗೆ ಟೊಳ್ಳಾಗಿ ಕೇಳುತ್ತದೆ. ತಟ್ಟುವಾಗ ಅದರ ನೇರ ಕೆಳಗೆ ನಿಲ್ಲಬಾರದು. ಟೊಳ್ಳು ಕೇಳಿದರೆ ಇಂಜಿನಿಯರರಿಗೆ ತೋರಿಸಿ. ಅಂಥ ಕಡೆ ಕಲೆಯನ್ನು ಮುಚ್ಚುವುದೆಂದರೆ ಬೀಳಲಿರುವ ಚಕ್ಕೆಯ ಸುಳಿವನ್ನೇ ಅಳಿಸಿದ ಹಾಗೆ.

ನಮ್ಮದು ಬರಿ ಕಂದು ಕಲೆ, ಅಂಚಿನಲ್ಲಿ ಸ್ವಲ್ಪ ಉಪ್ಪು. ಮಾರ್ಚ್ ಮೊದಲ ವಾರ ಕೆಲಸ ಶುರುವಾಯಿತು. ಹಿರಿಯರು ಮೊದಲು ಸ್ಕ್ರೇಪರಿನಲ್ಲಿ ಸಡಿಲವಾದ ಬಣ್ಣವನ್ನೂ ಪಟ್ಟಿಯನ್ನೂ ಕೆರೆದರು. ನಾವು ಹೊಡೆಸಿದ್ದ ನಾಲ್ಕು ಕೋಟು ಒಂದೇ ಸಿಪ್ಪೆಯಾಗಿ ಎದ್ದು ಬಂತು. ಕೆರೆತ ಎಲ್ಲಿ ಗಟ್ಟಿ ಹಿಡಿಯಿತೋ ಅಲ್ಲಿ ನಿಲ್ಲಿಸಿ, ಅಂಚನ್ನು ಎಮರಿ ಪೇಪರಿನಲ್ಲಿ ತಿಕ್ಕಿ ಇಳಿಜಾರು ಮಾಡಿದರು. ದೂಳನ್ನು ಒಣ ಬ್ರಷ್ಷಿನಲ್ಲಿ ತೆಗೆದರು.

ಆಮೇಲೆ ನೀರಿಲ್ಲದ ಪದರ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದಕ್ಕೆ ಎರಡು ದಾರಿಯಿವೆ. ಮೊದಲನೆಯದು ಎಣ್ಣೆಯ ಪ್ರೈಮರ್, ಅಂಗಡಿಯವರು ಆಯಿಲ್ ಪ್ರೈಮರ್ ಅಥವಾ ಸಾಲ್ವೆಂಟ್ ಪ್ರೈಮರ್ ಎನ್ನುತ್ತಾರೆ. ಡಬ್ಬದ ಮೇಲೆ ತೆಳು ಮಾಡಲು ಟರ್ಪೆಂಟೈನ್ ಬೆರೆಸಿ ಎಂದಿದ್ದರೆ ಇದು ಅದೇ, ನೀರು ಬೆರೆಸಿ ಎಂದಿದ್ದರೆ ಅಲ್ಲ. ಎರಡನೆಯದು ಅರಗು. ಲ್ಯಾಕ್ ಕೀಟ ಮರದ ಕೊಂಬೆಯ ಮೇಲೆ ಸ್ರವಿಸುವ ಅಂಟನ್ನು ಶುದ್ಧ ಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಬಡಗಿಗಳ ಫ್ರೆಂಚ್ ಪಾಲಿಷ್. ಅದಕ್ಕೆ ಬಿಳಿ ಬಣ್ಣ ಸೇರಿಸಿದ ಪ್ರೈಮರೂ ಸಿಗುತ್ತದೆ, ಬೆಲೆ ಹೆಚ್ಚು. ಕಲೆ ತಡೆಯುವುದರಲ್ಲಿ ಅರಗಿನ ಕೈ ಮೇಲು. ಗಂಟೆಯೊಳಗೆ ಆರುತ್ತದೆ, ನೀರಿಗೆ ಕರಗುವುದಿಲ್ಲ. ಮೈಸೂರಿಗೆ ಈ ಪದಾರ್ಥ ಹೊಸದಲ್ಲ. ಚುನಾವಣೆಯ ಶಾಯಿಗೆ ಹೆಸರಾದ ಇಲ್ಲಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ.

ಆದರೂ ಹಿರಿಯರು ನಮಗೆ ಆರಿಸಿದ್ದು ಎಣ್ಣೆಯ ಪ್ರೈಮರನ್ನು. ಅರಗು ಕ್ಷಾರಕ್ಕೆ ಕರಗುತ್ತದೆ, ಸಿಮೆಂಟು ಕ್ಷಾರ. ಪಿಒಪಿ ಸೀಲಿಂಗಿಗೆ, ಮಲೆನಾಡಿನ ಮನೆಗಳ ಹಲಗೆಯ ಮುಚ್ಚಿಗೆಗೆ ಅರಗು ಸರಿ. ಸಿಮೆಂಟಿನ ಗಾರೆ ಬರಿದಾಗಿ ಕಾಣುತ್ತಿರುವ ಕಡೆ ಅವರಿಗೆ ಅದು ಒಪ್ಪಿಗೆಯಿಲ್ಲ. ಎಣ್ಣೆಯ ಪ್ರೈಮರಿಗೂ ಇದೇ ಭಯ ಸ್ವಲ್ಪ ಇದೆ. ಹೊಸ ಗಾರೆಯ ಮೇಲೆ ಹಚ್ಚಿದರೆ ಎಣ್ಣೆಯೂ ಕ್ಷಾರವೂ ಸೇರಿ ಸಾಬೂನಾಗುತ್ತದೆ, ಪದರ ಅಂಟಂಟಾಗಿ ಉಳಿದು ಕೊನೆಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಕಲೆಯ ಜಾಗವನ್ನು ಕಿತ್ತು ಹೊಸದಾಗಿ ಗಾರೆ ಮಾಡಿಸಿದವರು ಒಂದು ತಿಂಗಳಾದರೂ ಕಾಯಬೇಕು. ನಮ್ಮ ಗಾರೆ ಇಪ್ಪತ್ತೈದು ವರ್ಷ ಹಳೆಯದು, ಒಣಗಿಯೂ ಇತ್ತು.

ಅರ್ಧ ಲೀಟರಿನ ಡಬ್ಬ ಸಾಕಾಗಿ ಮಿಕ್ಕಿತು. ಕೋಲಿನಲ್ಲಿ ತಳದವರೆಗೆ ಚೆನ್ನಾಗಿ ಕಲಕಿದರು, ಟರ್ಪೆಂಟೈನನ್ನು ಬ್ರಷ್ ಎಳೆಯುವಷ್ಟಕ್ಕೆ ಮಾತ್ರ ಸೇರಿಸಿದರು. ಗೋಡೆಗೆ ಹಚ್ಚುವಾಗ ತೆಳು ಮಾಡುವ ಹಾಗೆ ಇಲ್ಲಿ ಮಾಡಬಾರದು, ಪದರ ತೆಳುವಾದರೆ ಕಲೆ ಅದರ ಸಂದಿಯಿಂದಲೇ ನುಸುಳುತ್ತದೆ. ಕಲೆಯ ಗೆರೆಯಿಂದ ನಾಲ್ಕು ಬೆರಳು ಹೊರಗೆ ಬರುವ ಹಾಗೆ ಹಚ್ಚಿದರು. ಕಣ್ಣಿಗೆ ಕಾಣುವ ಅಂಚಿಗಿಂತ ಕಲೆ ಸ್ವಲ್ಪ ಹೆಚ್ಚೇ ಹರಡಿರುತ್ತದೆ. ಅಂಚಿಗೇ ನಿಲ್ಲಿಸಿದರೆ ಆಮೇಲೆ ಪ್ರೈಮರಿನ ಸುತ್ತ ಹಳದಿ ಬಳೆಯೊಂದು ಮೂಡುತ್ತದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಆ ದಿನ ಪಕ್ಕದ ಕೋಣೆಯಲ್ಲೂ ದೀಪ, ಊದುಬತ್ತಿ ಹಚ್ಚಲಿಲ್ಲ. ಟರ್ಪೆಂಟೈನಿನ ಹೊಗೆಗೂ ಸ್ಪಿರಿಟ್ಟಿನ ಹೊಗೆಗೂ ಬೆಂಕಿ ಬೇಗ ಹಿಡಿಯುತ್ತದೆ.

ಮಾರನೆಯ ದಿನ ಅವರು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಕಲೆಯ ಗೆರೆ ಅತಿ ಗಾಢವಾಗಿದ್ದ ಕಡೆ, ಪ್ರೈಮರಿನ ಮೇಲೆ, ಎಮಲ್ಷನ್ನನ್ನು ನೀರು ಹೆಚ್ಚು ಬೆರೆಸಿ ಗೇಣುದ್ದದ ಒಂದೇ ಪಟ್ಟೆ ಎಳೆದರು. ಕಲೆ ಏಳುವುದಿದ್ದರೆ ನೀರು ಹೆಚ್ಚಾದ ಬಣ್ಣದಲ್ಲಿ ಮೊದಲು ಏಳುತ್ತದೆ. ರಾತ್ರಿ ಕಳೆದು ಟಾರ್ಚು ಬಿಟ್ಟು ನೋಡಿದರೆ ಪಟ್ಟೆಯ ಒಂದು ತುದಿಯಲ್ಲಿ ಕಾಳಿನಷ್ಟು ಹಳದಿಯಿತ್ತು. ಅಲ್ಲಿ ಬ್ರಷ್ ಸರಿಯಾಗಿ ತಾಗಿರಲಿಲ್ಲ. ಇಡೀ ಜಾಗಕ್ಕೆ ಎರಡನೆಯ ಕೋಟು ಪ್ರೈಮರ್ ಹಾಕಿ ಮತ್ತೆ ಒಂದು ದಿನ ಬಿಟ್ಟು ಹೊಸ ಪಟ್ಟೆ ಎಳೆದರು. ಅದು ಬಿಳಿಯಾಗಿಯೇ ಉಳಿಯಿತು. ಈ ಗೇಣುದ್ದದ ಪಟ್ಟೆಗೆ ಒಂದು ರಾತ್ರಿ ಕೊಟ್ಟಿದ್ದರೆ ದಸರೆಯಲ್ಲಿ ನಮ್ಮ ನಾಲ್ಕು ಕೋಟು ಬಣ್ಣ ಉಳಿಯುತ್ತಿತ್ತು.

ಕೆರೆದ ಜಾಗ ತಗ್ಗಾಗಿತ್ತಲ್ಲ, ಅದಕ್ಕೆ ಪಟ್ಟಿ ಬೇಕು. ಪಟ್ಟಿಯನ್ನು ಪ್ರೈಮರಿಗೆ ಮೊದಲೇ ತುಂಬಿದರೆ ಅದರಲ್ಲಿರುವ ನೀರು ಕಲೆಯನ್ನು ಪಟ್ಟಿಯೊಳಕ್ಕೆ ಎಳೆದುಕೊಳ್ಳುತ್ತದೆ. ಪ್ರೈಮರ್ ಆದ ಮೇಲೆ ತುಂಬಬೇಕು. ಅದರಲ್ಲೂ ಬಿಳಿ ಸಿಮೆಂಟಿನ ಪುಡಿ ಪಟ್ಟಿ ಎಣ್ಣೆಯ ಮೇಲೆ ಕಚ್ಚುವುದಿಲ್ಲ, ಅದು ಬರಿಯ ಗಾರೆಗೆ ಮಾಡಿದ್ದು. ಡಬ್ಬದಲ್ಲಿ ಕಲೆಸಿಯೇ ಬರುವ ಅಕ್ರಿಲಿಕ್ ಪಟ್ಟಿಯನ್ನು ಎರಡು ತೆಳು ಪದರವಾಗಿ ಎಳೆದು, ಆರಿದ ಮೇಲೆ ತಿಕ್ಕಿ ಮಟ್ಟ ಮಾಡಿದರು. ತಿಕ್ಕುವಾಗ ಅಂಚಿನಲ್ಲಿ ಪ್ರೈಮರ್ ಸವೆದು ಹಳೆಯ ಕಂದು ಇಣುಕಿದ ಕಡೆ ಅದೇ ಪ್ರೈಮರನ್ನು ಮತ್ತೆ ತೀಡಿದರು.

ಕೊನೆಗೆ ಬಣ್ಣ. ಕಲೆಯಷ್ಟಕ್ಕೆ ಮಾತ್ರ ಹೊಡೆದರೆ ಕಲೆ ಹೋಗಿ ತೇಪೆ ಬರುತ್ತದೆ. ಹೊಸ ಬಿಳಿಯೂ ಹಳೆಯ ಬಿಳಿಯೂ ಒಂದೇ ಅಲ್ಲ. ಜೊತೆಗೆ ಎಣ್ಣೆಯ ಪದರ ಬಣ್ಣವನ್ನು ಹೀರುವುದಿಲ್ಲ, ಸುತ್ತಲಿನ ಗಾರೆ ಹೀರುತ್ತದೆ, ಹಾಗಾಗಿ ಆ ಜಾಗ ಕಿಟಕಿಯ ಬೆಳಕಿಗೆ ಹೊಳೆಯುತ್ತದೆ. ಈ ವ್ಯತ್ಯಾಸ ಅಡಗಲು ಇಡೀ ಸೀಲಿಂಗಿಗೆ ಸಾಮಾನ್ಯ ನೀರಿನ ಪ್ರೈಮರ್ ಒಂದು ಕೋಟು ಹಾಕಿ, ಹೊಳಪಿಲ್ಲದ ಎಮಲ್ಷನ್ ಎರಡು ಕೋಟು ಗೋಡೆಯಿಂದ ಗೋಡೆಯವರೆಗೆ ಹೊಡೆದರು. ನೀರಿನ ಬಣ್ಣಕ್ಕೆ ಈಗ ಹೆದರಬೇಕಾಗಿರಲಿಲ್ಲ, ಕಲೆ ಎರಡು ಪದರ ಎಣ್ಣೆಯ ಹಿಂದಿತ್ತು. ಯುಗಾದಿಗೆ ನಾಲ್ಕು ದಿನ ಮುಂಚೆ ಏಣಿ ಹೊರಗೆ ಹೋಯಿತು.

ಜುಲೈನಲ್ಲಿ ಮಳೆ ಜೋರಾಗಿ ಹಿಡಿದಾಗ ನಾನು ದಿನ ಬಿಟ್ಟು ದಿನ ಟಾರ್ಚನ್ನು ಸೀಲಿಂಗಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದೆ. ಹಳೆಯ ಕಲೆಯ ಜಾಗ ಯಾವುದೆಂದು ಈಗ ಅಂದಾಜಿನಲ್ಲೇ ಹೇಳಬೇಕು. ಸೆಪ್ಟೆಂಬರಿನಲ್ಲಿ ಮಾತ್ರ, ಅಲ್ಲಿಂದ ನಾಲ್ಕು ಅಡಿ ಆಚೆ, ಪ್ಯಾರಾಪೆಟ್ಟಿನ ಕೆಳಗೆ ಬರುವ ಮೂಲೆಯಲ್ಲಿ, ಬೆರಳಿನಷ್ಟು ಜಾಗದಲ್ಲಿ ಬಿಳಿ ನವಿರು ಕಂಡಿತು. ಒಣ ಬ್ರಷ್ಷಿನಲ್ಲಿ ಉಜ್ಜಿದೆ, ವಾರದಲ್ಲಿ ಮತ್ತೆ ಬಂತು. ಅದರ ಸುತ್ತ ಪೆನ್ಸಿಲ್ಲಿನ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಮಳೆ ನಿಂತ ಮೇಲೆ ತಾರಸಿಯ ಆ ಮೂಲೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಲು ಮೇಸ್ತ್ರಿಗೆ ಹೇಳಿಯೂ ಆಗಿದೆ.